ನೆಟ್ ತಾಗಿದ್ದೆಲ್ಲಾ ಲೆಟ್ ಅಲ್ಲ ಅಂಕಲ್

ಜೆಪಿ ನಗರದ ಒಂದು ಅಪಾರ್ಟ್‌ಮೆಂಟಲ್ಲಿ ರಾಜ್ಯೋತ್ಸವಕ್ಕೆ ಅಂತ ಟಿಟಿ, ಅಂದ್ರೆ ಟೇಬಲ್ ಟೆನಿಸ್ ಟೂರ್ನಿ ಇಟ್ಟಿದ್ರು, ಫೈನಲ್‌ಗೆ ಅಂಪೈರ್ ಬೇಕು ಬನ್ನಿ ಸಾರ್ ಅಂತ ಕರೆದ್ರು. ಒಂದು ಕಡೆ ಬಿ ಬ್ಲಾಕಿನ ರಿಟೈರ್ಡ್ ಬ್ಯಾಂಕ್ ಅಂಕಲ್, ಇನ್ನೊಂದು ಕಡೆ ಇಂಜಿನಿಯರಿಂಗ್ ಓದ್ತಿರೋ ಹುಡುಗ. ಎರಡೆರಡು ಗೇಮ್ ಆಗಿ ಐದನೇದಕ್ಕೆ ಬಂತು. ಅಲ್ಲಿಂದ ಮುಂದೆ ಆದ ಜಗಳಗಳನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ಕ್ಲಬ್‌ಗಳಲ್ಲಿ ವಾರಕ್ಕೊಮ್ಮೆ ನನ್ನ ಹತ್ರ ಬರೋ ಪಂಚಾಯ್ತಿಗಳು ಹೆಚ್ಚುಕಮ್ಮಿ ಇವೇ.

ಆ ಗೇಮಲ್ಲಿ ಮೊದಲ ಸರ್ವ್ ಹುಡುಗಂದು. 9-9 ಆಯ್ತು. ಸರ್ವ್ ಯಾರದು? ಅಂಕಲ್ ಆಡಿ ಬೆಳೆದಿದ್ದು 21 ಪಾಯಿಂಟಿನ ಕಾಲದಲ್ಲಿ, ಆಗ ಒಬ್ಬೊಬ್ಬರಿಗೆ ಐದೈದು ಸರ್ವ್, 2001ರಲ್ಲಿ ಅದು 11 ಪಾಯಿಂಟಿಗೆ ಇಳಿದು ಎರಡೆರಡು ಸರ್ವ್ ಆಯ್ತು, ಆದ್ರೆ ಅವರ ಕೈಗೆ ಇನ್ನೂ ಅದು ಹತ್ತಿಲ್ಲ, ಸರ್ವ್ ಯಾರದು ಅಂತ ಪ್ರತಿ ಸಲ ನನ್ನ ಮುಖ ನೋಡ್ತಾರೆ. ಇದಕ್ಕೆ ನಾನು ಇಟ್ಕೊಂಡಿರೋ ಲೆಕ್ಕ ಹೇಳ್ತೀನಿ. ಇಬ್ಬರ ಪಾಯಿಂಟೂ ಕೂಡಿಸಿ, ಅರ್ಧ ಮಾಡಿ, ಉಳಿದಿದ್ದನ್ನ ಬಿಟ್ಬಿಡಿ. ಬಂದಿದ್ದು ಸಮಸಂಖ್ಯೆ ಆದ್ರೆ ಗೇಮ್ ಶುರು ಮಾಡಿದವರ ಸರ್ವ್, ಬೆಸ ಆದ್ರೆ ಇನ್ನೊಬ್ಬರದು. 9-9 ಅಂದ್ರೆ 18, ಅರ್ಧ 9, ಬೆಸ, ಹಾಗಾಗಿ ಅಂಕಲ್‌ದು. ತಪ್ಪಿ ಬೇರೆಯವರು ಸರ್ವ್ ಮಾಡಿಬಿಟ್ಟಿದ್ರೆ ಗೊತ್ತಾದ ತಕ್ಷಣ ಆಟ ನಿಲ್ಲಿಸಿ ಸರಿ ಮಾಡ್ಬೇಕು, ಆದ್ರೆ ಅಷ್ಟರಲ್ಲಿ ಮುಗಿದಿರೋ ಪಾಯಿಂಟ್ ಹಾಗೇ ಉಳಿಯುತ್ತೆ, ವಾಪಸ್ ತಗೊಳೋ ಹಾಗಿಲ್ಲ.

ಅಂಕಲ್ ಒಂದು ಪಾಯಿಂಟ್ ಹೊಡೆದ್ರು. 10-9, ಮ್ಯಾಚ್ ಪಾಯಿಂಟ್, ಇನ್ನೊಂದು ಸರ್ವ್ ಅವರದೇ. ಹಾಕಿದ್ರು. ಬಾಲ್ ಅವರ ಕಡೆ ಪುಟಿದು ನೆಟ್ ಮೇಲಂಚಿಗೆ ಸವರಿ ಆಚೆ ಹೋಯ್ತು. ಟಿಕ್ ಅಂತ ಸಣ್ಣ ಸದ್ದು ಕೇಳಿದ್ದೇ ತಡ, ಹುಡುಗ ಹೆಂಗಿದ್ರೂ ಲೆಟ್, ಪಾಯಿಂಟ್ ಯಾರಿಗೂ ಇಲ್ಲ, ಸರ್ವ್ ಮತ್ತೆ ಹಾಕ್ಬೇಕು ಅಂತ ಬಾಲ್ ಇನ್ನೂ ಟೇಬಲ್ ಮೇಲೆ ಗಾಳೀಲಿರುವಾಗಲೇ ಎಡಗೈಲಿ ಹಿಡ್ಕೊಂಡ.

"ಪುಟಿಯೋ ಮುಂಚೆ ಮುಟ್ಟಿದೆಯಲ್ಲಪ್ಪಾ, ಪಾಯಿಂಟ್ ನಂದು, ಮ್ಯಾಚ್ ಮುಗೀತು" ಅಂತ ಅಂಕಲ್ ಬ್ಯಾಟ್ ಕೆಳಗಿಟ್ರು.

ಅಂಕಲ್ ಹೇಳಿದ್ದು ಅರ್ಧ ಸರಿ. ನೆಟ್ ತಾಗದೇ ಬಂದಿರೋ ಬಾಲನ್ನ ಟೇಬಲ್ ಮೇಲಿರುವಾಗ ಪುಟಿಯೋ ಮುಂಚೆ ಹಿಡಿದಿದ್ರೆ ಅದು ಅಡ್ಡಿ ಮಾಡಿದ ಹಾಗೆ, ಪಾಯಿಂಟ್ ಅಂಕಲ್‌ಗೆ. ಆದ್ರೆ ನೆಟ್ ತಾಗಿದ ಸರ್ವ್‌ಗೆ ನಿಯಮ ಬೇರೆ. ನೆಟ್ ತಾಗಿ, ಮಿಕ್ಕಿದ್ದೆಲ್ಲಾ ಸರಿಯಿದ್ದು ಎದುರಿನವರ ಕಡೆ ಬಿದ್ರೆ ಲೆಟ್. ನೆಟ್ ತಾಗಿದ ಮೇಲೆ ಎದುರಿನವರು ಅಡ್ಡ ಬಂದು ಮುಟ್ಟಿದ್ರೂ ಲೆಟ್. ಕೈ ಮೇಲೆತ್ತಿ ಲೆಟ್ ಅಂದೆ. ಸ್ಕೋರ್ 10-9ರಲ್ಲೇ ಇರುತ್ತೆ, ಸರ್ವ್ ಮತ್ತೆ ಅಂಕಲ್‌ದೇ. ಅಂಕಲ್ ಗೊಣಗ್ತಾ ಬ್ಯಾಟ್ ತಗೊಂಡ್ರು. (ಹುಡುಗನಿಗೂ ಆಮೇಲೆ ಹೇಳಿದೆ, ಹಿಡಿಯೋಕೆ ಹೋಗ್ಬೇಡಪ್ಪಾ, ಬಿಟ್ಬಿಡು. ಬಾಲ್ ಟೇಬಲ್ ದಾಟಿ ಹೊರಗೆ ಬಿದ್ದಿದ್ರೆ ನಿಂಗೆ ಪಾಯಿಂಟೇ ಸಿಕ್ತಿತ್ತು, ಹಿಡಿದು ಅದನ್ನ ಲೆಟ್‌ಗೆ ಇಳಿಸ್ಕೊಂಡೆ.)

ಎರಡನೇ ಸಲ ಅಂಕಲ್ ಹಾಕಿದ್ದೂ ನೆಟ್ಟಿಗೇ ತಾಗ್ತು, ಈ ಸಲ ದಾಟ್ಲಿಲ್ಲ, ಅವರ ಕಡೆನೇ ವಾಪಸ್ ಬಿತ್ತು. ಅಂಕಲ್ ಆರಾಮಾಗಿ "ಲೆಟ್" ಅಂತ ಬಾಲ್ ಎತ್ಕೊಂಡ್ರು. ಇಲ್ಲ ಅಂಕಲ್. 10-10.

ಜನ ಇಲ್ಲೇ ಎಡವೋದು. ನೆಟ್ ತಾಗಿದ್ದಕ್ಕೆ ಲೆಟ್ ಕೊಡಲ್ಲ, ನೆಟ್ ತಾಗಿಯೂ ಸರ್ವ್ ಬೇರೆಲ್ಲಾ ರೀತಿ ಸರಿಯಿದ್ರೆ ಮಾತ್ರ ಕೊಡೋದು. ತಾಗಿ ಹೊರಗೆ ಹೋಯ್ತು, ತಾಗಿ ಈಚೆ ಬಿತ್ತು, ಡಬಲ್ಸಲ್ಲಿ ತಾಗಿ ಎದುರಿನವರ ಬಲಗಡೆ ಅರ್ಧಕ್ಕೆ ಬೀಳದೆ ಎಡಗಡೆ ಬಿತ್ತು, ಇವೆಲ್ಲಾ ಸರ್ವ್ ಮಾಡಿದವರು ಕಳ್ಕೊಂಡ ಪಾಯಿಂಟೇ. ಟಾಸ್ ಸರಿ ಹಾಕದೇ ಕೈಯಿಂದ ಜಾರಿಸಿ ಹೊಡೆದು ನೆಟ್ ತಾಗಿಸಿದ್ರೂ ಅಷ್ಟೇ, ಬಾಲ್ ಅಂಗೈ ಬಿಟ್ಟು ಕನಿಷ್ಠ 16 ಸೆಂಟಿಮೀಟರ್ ಮೇಲೆ ಹೋಗ್ಬೇಕು, ಇಲ್ದಿದ್ರೆ ಸರ್ವೇ ಸರಿಯಿಲ್ಲ, ಲೆಟ್ ಎಲ್ಲಿಂದ ಬರುತ್ತೆ. ನೆಟ್ ಅಂದ್ರೆ ಬಲೆ ಮಾತ್ರ ಅಲ್ಲ, ಅದನ್ನ ಹಿಡಿದಿರೋ ಕಂಬ, ಕ್ಲಾಂಪ್ ಎಲ್ಲಾ ಲೆಕ್ಕ. ಮತ್ತೆ ಇದೆಲ್ಲಾ ಸರ್ವ್‌ಗೆ ಮಾತ್ರ, ರ‍್ಯಾಲಿ ನಡುವೆ ನೆಟ್ ಸವರಿ ಬಿದ್ರೆ ಆಟ ನಡೀತಾನೇ ಇರುತ್ತೆ.

10-10 ಆದ್ಮೇಲೆ ಎರಡು ಬದಲಾಗುತ್ತೆ. ಒಂದು, 11ಕ್ಕೆ ಗೇಮ್ ಮುಗಿಯಲ್ಲ, ಇಬ್ಬರ ನಡುವೆ ಎರಡು ಪಾಯಿಂಟ್ ಅಂತರ ಬರೋವರೆಗೆ ನಡೀಬೇಕು, 12-10 ಆದ್ರೂ ಸರಿ 20-18 ಆದ್ರೂ ಸರಿ, ಮೇಲೆ ಮಿತಿ ಇಲ್ಲ. ಇನ್ನೊಂದು, ಸರ್ವ್ ಎರಡೆರಡಲ್ಲ, ಒಂದೊಂದು. ಹುಡುಗ ಎರಡು ಸರ್ವ್ ನಂದೇ ಅನ್ಕೊಂಡಿದ್ದ. 20 ಪಾಯಿಂಟ್ ಎರಡೆರಡು ಸರ್ವಲ್ಲಿ ಮುಗಿದ್ರೆ ಕೊನೇ ಜೋಡಿ ಯಾವಾಗ್ಲೂ ಎರಡನೆಯವರದು, ಹಾಗಾಗಿ 10-10ಕ್ಕೆ ಸರ್ವ್ ಗೇಮ್ ಶುರು ಮಾಡಿದವರದೇ. ಆಮೇಲೂ ಸ್ಕೋರ್ ಸಮ ಆದಾಗೆಲ್ಲಾ ಅವರೇ, ಒಬ್ಬರು ಒಂದು ಮುಂದಿದ್ದಾಗೆಲ್ಲಾ ಇನ್ನೊಬ್ಬರು. ಅದ್ಕೇ ಯಾರೂ ಬರೀ ತಮ್ಮ ಸರ್ವಿನ ಬಲದಲ್ಲಿ ಗೆಲ್ಲೋಕಾಗಲ್ಲ, ಎದುರಿನವರ ಸರ್ವಲ್ಲೂ ಒಂದು ಪಾಯಿಂಟ್ ಕಿತ್ಕೊಬೇಕು. ಟಿವಿಲಿ ಬರೋ ಕೆಲವು ಲೀಗಲ್ಲಿ 10-10 ಆದ್ರೆ ಮುಂದಿನ ಪಾಯಿಂಟ್ ಹೊಡೆದವರೇ ಗೆದ್ರು ಅಂತ ಇಟ್ಕೊಂಡಿದಾರೆ, ಅದು ಆ ಲೀಗಿನ ಕಟ್ಟಳೆ, ನನಗಂತೂ ಹಿಡಿಸಲ್ಲ.

ಹುಡುಗನ ಸರ್ವಲ್ಲಿ ಹುಡುಗನಿಗೆ 11-10, ಅಂಕಲ್ ಸರ್ವಲ್ಲಿ ಅಂಕಲ್‌ಗೆ, 11-11. ಈಗ ಸರ್ವ್ ಹುಡುಗಂದು. ಅಂಕಲ್ ಕನ್ನಡಕ ಒರೆಸ್ಕೊಂಡು ಹಾಕೊಳ್ತಿದ್ರು, ಹುಡುಗ ನೋಡದೇ ಸರ್ವ್ ಹಾಕ್ಬಿಟ್ಟ, ಅಂಕಲ್ ಗಾಬರೀಲಿ ಬ್ಯಾಟ್ ಬೀಸಿದ್ರು, ಬಾಲ್ ನೆಟ್ಟಿಗೆ ಹೋಯ್ತು.

"ನಾನು ರೆಡಿನೇ ಇರ್ಲಿಲ್ಲ ಸಾರ್!"

ನಿಜ, ರೆಡಿ ಇಲ್ದಿದ್ದಾಗ ಸರ್ವ್ ಮಾಡಿದ್ರೆ ಲೆಟ್ ಕೊಡ್ತೀವಿ, ಆದ್ರೆ ಬಾಲ್ ಹೊಡೆಯೋ ಪ್ರಯತ್ನನೇ ಮಾಡಿರಬಾರ್ದು. ಸುಮ್ನೆ ನಿಂತು ಕೈ ಎತ್ತಿದ್ರೆ ಲೆಟ್, ಬೀಸಿದ್ರೆ ಒಪ್ಕೊಂಡ ಹಾಗೆ. ಪಾಯಿಂಟ್ ಹುಡುಗನಿಗೆ. ಅಂಪೈರ್ ಮೊದಲು ಹೇಳೋದು ಸರ್ವ್ ಮಾಡೋರ ಸ್ಕೋರ್, ಮುಂದಿನ ಸರ್ವ್ ಅಂಕಲ್‌ದಾದ್ದರಿಂದ 11-12 ಅಂತ ಕೂಗಿದೆ, ಹಿಂದೆ ಕೂತಿದ್ದ ಆಂಟಿಯರಿಗೆ ನಾನೇ ತಪ್ಪು ಹೇಳ್ದೆ ಅನ್ನಿಸ್ತು. ನನಗೂ ಆ ಪಾಯಿಂಟ್ ಕೊಡೋಕೆ ಮನಸ್ಸಿರ್ಲಿಲ್ಲ, ಹುಡುಗನಿಗೆ ಎದುರಿನವರನ್ನ ನೋಡಿ ಸರ್ವ್ ಮಾಡೋ ಅಂತ ಗದರಿದೆ ಅಷ್ಟೇ.

ಅಂಕಲ್‌ಗೆ ಬಹುಶಃ ಆ ಸಿಟ್ಟೇ ಒಳ್ಳೇದಾಯ್ತು. ತಮ್ಮ ಸರ್ವಲ್ಲಿ 12-12 ಮಾಡಿದ್ರು, ಹುಡುಗನ ಸರ್ವಲ್ಲಿ ಒಂದು ಕಿತ್ಕೊಂಡು 13-12. ಮತ್ತೆ ಮ್ಯಾಚ್ ಪಾಯಿಂಟ್. ಸರ್ವ್ ಹಾಕಿದ್ರು, ನೆಟ್ ತಾಗಿ ಒಳಗೆ ಬಿತ್ತು, ಲೆಟ್. ಮತ್ತೊಂದು, ಮತ್ತೆ ಲೆಟ್. ಯಾರೋ "ಎರಡು ಆಯ್ತು, ಫಾಲ್ಟ್" ಅಂತ ಕೂಗಿದ್ರು, ಟಿಟಿಲಿ ಹಾಗಿಲ್ಲ, ಹತ್ತು ಸಲ ಬೇಕಾದ್ರೂ ಲೆಟ್ ಆಗ್ಬಹುದು. ಮೂರನೇದು ಶುದ್ಧವಾಗಿ ಹೋಯ್ತು, ಹುಡುಗನ ರಿಟರ್ನ್ ಹೊರಗೆ ಬಿತ್ತು.

ಕಮಿಟಿಯವರು ಕೊಟ್ಟಿದ್ದ ಸ್ಕೋರ್ ಶೀಟಲ್ಲಿ ಮನೆಗಳು 11ರವರೆಗೆ ಮಾತ್ರ ಇದ್ವು. ಪಕ್ಕದ ಖಾಲಿ ಜಾಗದಲ್ಲಿ 14-12 ಅಂತ ಬರೆದು ಸೈನ್ ಹಾಕಿ ಕೊಟ್ಟೆ.