ಹಾಗಲಕಾಯಿಯ ವಯಸ್ಸು ಬೀಜದಲ್ಲಿದೆ

ಹಾಗಲಕಾಯಿ ಹೆಚ್ಚುವಾಗ ಆಗಾಗ ಹೀಗಾಗುತ್ತದೆ: ಸಿಪ್ಪೆ ಇನ್ನೂ ಹಸಿರಾಗಿಯೇ ಇರುತ್ತದೆ, ಉದ್ದಕ್ಕೆ ಸೀಳಿದರೆ ಒಳಗಿನ ಬೀಜಗಳು ಕುಂಕುಮ ಮೆತ್ತಿದ ಹಾಗೆ ಕೆಂಪು. ಕೆಟ್ಟಿದೆ ಅಂದುಕೊಂಡು ಎಷ್ಟೋ ಮನೆಗಳಲ್ಲಿ ಅದನ್ನು ನೇರ ಕಸದ ಬುಟ್ಟಿಗೆ ಹಾಕುತ್ತಾರೆ. ಅದು ಕೆಟ್ಟಿಲ್ಲ. ಹಣ್ಣಾಗಲು ಹೊರಟಿದೆ, ಅಷ್ಟೇ. ಹಾಗಲದಲ್ಲಿ ಹಣ್ಣಾಗುವ ಕೆಲಸ ಒಳಗೆ ಮೊದಲು ಶುರುವಾಗಿ, ಸಿಪ್ಪೆಗೆ ಆಮೇಲೆ ಗೊತ್ತಾಗುತ್ತದೆ. ಆದ್ದರಿಂದ ಹೊರಗಿನ ಬಣ್ಣ ನೋಡಿ ಪಲ್ಯವೋ ಗೊಜ್ಜೋ ಅಂತ ತೀರ್ಮಾನಿಸುವವರು ಅರ್ಧ ಸಲ ತಪ್ಪುತ್ತಾರೆ. ಕಾಯಿ ಸೀಳಿ ಬೀಜ ನೋಡಿದವರು ತಪ್ಪುವುದು ಕಡಿಮೆ.

ಮಂಡ್ಯದ ಕಡೆ ನಾಲೆ ಬಯಲಿನ ಹಂದರಗಳಲ್ಲಿ ಹೆಣ್ಣು ಹೂವನ್ನು ಗುರುತಿಸುವುದು ಸುಲಭ. ದಳಗಳ ಕೆಳಗೇ ಪುಟ್ಟದೊಂದು ಮುಳ್ಳುಮುಳ್ಳಾದ ಮಿಡಿ ಕೂತಿರುತ್ತದೆ. ಬೆಳಗಿನ ಹೊತ್ತು ಜೇನು ಬಂದು ಪರಾಗ ಮುಟ್ಟಿಸಿದರೆ ಆ ಮಿಡಿ ಬೆಳೆಯತೊಡಗುತ್ತದೆ. ತಳಿಯನ್ನೂ ಬಿಸಿಲನ್ನೂ ಅವಲಂಬಿಸಿ ಎರಡು ವಾರ, ಎರಡೂವರೆ ವಾರಕ್ಕೆ ಕೀಳುವ ಹದ ಬರುತ್ತದೆ. ಕೀಳದೆ ಬಿಟ್ಟರೆ ಸುಮಾರು ನಾಲ್ಕನೇ ವಾರದ ಹೊತ್ತಿಗೆ ಅದು ಕಿತ್ತಳೆ ಬಣ್ಣಕ್ಕೆ ತಿರುಗಿ ಒಡೆಯುತ್ತದೆ. ನಾವು ತರಕಾರಿ ಅಂತ ಕೊಳ್ಳುವುದೆಲ್ಲ ಈ ನಡುವಿನ ಹತ್ತು ಹನ್ನೆರಡು ದಿನಗಳ ಯಾವುದೋ ಒಂದು ಘಟ್ಟದಲ್ಲಿರುವ ಕಾಯಿ.

ಎಳೆಗಾಯಿಯ ಬೀಜ ಬಿಳಿ, ಉಗುರಲ್ಲಿ ಒತ್ತಿದರೆ ಸುಲಭವಾಗಿ ತುಂಡಾಗುತ್ತದೆ. ಸಿಪ್ಪೆಯ ಮುಳ್ಳುಗಳು ಒತ್ತೊತ್ತಾಗಿ ಚೂಪಾಗಿರುತ್ತವೆ, ಕಾಯಿ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಇದನ್ನು ಬೀಜದ ಸಮೇತ ಬಿಲ್ಲೆ ಹೆಚ್ಚಿ ಹುರಿಯಬಹುದು, ತೆಗೆಯುವಂಥದ್ದು ಏನೂ ಇಲ್ಲ. ಒಳಗಿನ ಬಿಳಿ ಬೆಂಡಿನಲ್ಲೇ ಕಹಿ ಇದೆ ಅಂತ ಅದನ್ನು ಚಮಚದಲ್ಲಿ ಕೆರೆದು ಬಿಸಾಡುವ ಅಭ್ಯಾಸ ನಮ್ಮಲ್ಲಿದೆ. ಒಮ್ಮೆ ಆ ಬೆಂಡನ್ನೂ ಹಸಿರು ಗೋಡೆಯ ಒಂದು ಚೂರನ್ನೂ ಬೇರೆ ಬೇರೆ ನೆಕ್ಕಿ ನೋಡಿ. ಬೆಂಡು ಹೆಚ್ಚು ಕಡಿಮೆ ಸಪ್ಪೆ. ಕಹಿಯೆಲ್ಲ ಹಸಿರು ಭಾಗದಲ್ಲಿದೆ. ಬೆಂಡನ್ನು ತೆಗೆಯುವುದಕ್ಕೆ ಬೇರೆ ಕಾರಣ ಇರಬಹುದು: ಅದು ಎಣ್ಣೆ ಕುಡಿಯುತ್ತದೆ, ಹುರಿದಾಗ ಗರಿ ಬರುವುದಿಲ್ಲ. ಕಹಿ ಮಾತ್ರ ಕಾರಣ ಅಲ್ಲ.

ಆ ಕಹಿ ಯಾವುದರದ್ದು? ಮೊಮೊರ್ಡಿಕೋಸೈಡ್ ಅನ್ನುವ ಒಂದು ಗುಂಪಿನ ರಾಸಾಯನಿಕಗಳದ್ದು. ಸೌತೆಕಾಯಿಯ ತೊಟ್ಟಿನ ಕಹಿಗೂ ಇವಕ್ಕೂ ದೂರದ ನೆಂಟಸ್ತಿಕೆ ಇದೆ. ಬೀಜ ಬಲಿಯುವ ಮೊದಲೇ ಯಾರೂ ಕಾಯಿ ತಿಂದು ಮುಗಿಸದಂತೆ ಇದು ಗಿಡದ ಕಾವಲು. ಹಣ್ಣಾಗುತ್ತ ಹೋದಂತೆ ಕಹಿ ಇಳಿಯಲೇಬೇಕು ಅಂತ ಲೆಕ್ಕ ಹಾಕಬೇಡಿ. ಕೆಲವು ತಳಿಗಳಲ್ಲಿ ಇಳಿಯುತ್ತದೆ, ಕೆಲವದರಲ್ಲಿ ಬಲಿತ ಕಾಯಿಯೇ ಇನ್ನೂ ಚುರುಕು. ಹೆಚ್ಚುವಾಗ ಒಂದು ಚೂರನ್ನು ನಾಲಿಗೆಗೆ ತಾಗಿಸುವುದೊಂದೇ ನಂಬಬಹುದಾದ ಪರೀಕ್ಷೆ. ಉಪ್ಪು ಹಚ್ಚಿಟ್ಟು ಹಿಂಡಿದಾಗ ಕಹಿ ಕಡಿಮೆಯಾಗುವುದಕ್ಕೆ ಎರಡು ಕಾರಣ. ಉಪ್ಪು ಕೋಶಗಳ ನೀರನ್ನು ಹೊರಗೆಳೆಯುವಾಗ ಸ್ವಲ್ಪ ಕಹಿಯೂ ಆ ನೀರಿನ ಜೊತೆ ಹೋಗುತ್ತದೆ. ಉಳಿದ ಉಪ್ಪು ನಾಲಿಗೆಯ ಮೇಲೆ ಕಹಿಯ ಅರಿವನ್ನೇ ಮಂಕಾಗಿಸುತ್ತದೆ.

ಇನ್ನು ಬಲಿತ ಕಾಯಿ. ಬೀಜದ ಸಿಪ್ಪೆ ಗಟ್ಟಿಯಾಗಿದೆ, ಹಲ್ಲಿಗೆ ಸಿಕ್ಕರೆ ಕಟುಮ್ ಅನ್ನುತ್ತದೆ, ಬಣ್ಣ ಮಾತ್ರ ಇನ್ನೂ ಬೆಳ್ಳಗೆ ಅಥವಾ ತಿಳಿ ಕಂದು. ಹೊರಗೆ ಮುಳ್ಳುಗಳ ನಡುವಿನ ಅಂತರ ಹಿಗ್ಗಿರುತ್ತದೆ. ಎಣ್ಣೆಗಾಯಿಗೆ ಇದೇ ಸರಿ: ಗೋಡೆ ದಪ್ಪ, ಹೊಟ್ಟೆ ಸೀಳಿ ಬೀಜ ತೆಗೆದು ಮಸಾಲೆ ತುಂಬಿದರೂ ಆಕಾರ ಬಿಡುವುದಿಲ್ಲ.

ಮುಂದಿನ ಘಟ್ಟ ದೋರೆಗಾಯಿಯದು. ಹೆಚ್ಚು ಗಲಿಬಿಲಿ ಆಗುವುದೂ ಇಲ್ಲೇ. ಹಾಗಲ ಕಿತ್ತ ಮೇಲೂ ಹಣ್ಣಾಗುವ ಜಾತಿ, ಬಾಳೆ, ಮಾವಿನ ಥರ. ಹಣ್ಣಾಗಲು ಹೊರಟಾಗ ಅದು ಎಥಿಲೀನ್ ಅನಿಲವನ್ನು ಹೆಚ್ಚು ಬಿಡುತ್ತದೆ, ಹೊರಗಿನ ಎಥಿಲೀನ್ ತಾಗಿದರೂ ಹಣ್ಣಾಗುವುದನ್ನು ಬೇಗ ಶುರು ಮಾಡುತ್ತದೆ. ಅಡುಗೆಮನೆಯಲ್ಲಿ ಹಾಗಲಕಾಯಿಯ ಚೀಲ ಹಣ್ಣಾದ ರಸಬಾಳೆಯ ಚಿಪ್ಪಿನ ಪಕ್ಕದಲ್ಲಿ ಇದ್ದರೆ ಮುಗಿಯಿತು, ಎರಡೇ ದಿನಕ್ಕೆ ತುದಿ ಹಳದಿ. ಬೀಜದ ಸುತ್ತ ಇರುವ ತೆಳು ತಿರುಳು ಮೊದಲು ಗುಲಾಬಿಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ. ಅದು ಲೈಕೋಪೀನ್, ಟೊಮೇಟೊದ ಕೆಂಪು ಬಣ್ಣವೇ. ಸಿಪ್ಪೆಯಲ್ಲಿ ಹಸಿರು ಕರಗಿದ ಮೇಲೆ ಕಾಣಿಸುವ ಹಳದಿ, ಕಿತ್ತಳೆ ಬೇರೆ ಕೆರೋಟಿನ್ ಬಣ್ಣಗಳದ್ದು. ಸಿಪ್ಪೆಯ ಹಳದಿ ಸಾಮಾನ್ಯವಾಗಿ ತುದಿಯಿಂದ ತೊಟ್ಟಿನ ಕಡೆಗೆ ಹತ್ತುತ್ತದೆ.

ಫ್ರಿಜ್ಜಿನಲ್ಲಿಟ್ಟರೆ ಇದು ನಿಧಾನವಾಗುತ್ತದೆ, ಆದರೆ ಅಲ್ಲಿ ಬೇರೆ ತಕರಾರು. ಹಾಗಲಕ್ಕೆ ಹಿಡಿಸುವ ತಂಪು 10ರಿಂದ 12 ಡಿಗ್ರಿ ಸೆಲ್ಸಿಯಸ್. ಮನೆಯ ಫ್ರಿಜ್ಜು 4, 5 ಡಿಗ್ರಿಯಲ್ಲಿರುತ್ತದೆ. ಆ ಚಳಿಗೆ ಕೆಲವು ದಿನದಲ್ಲಿ ಸಿಪ್ಪೆಯ ಮೇಲೆ ಸಣ್ಣ ಗುಳಿಗಳು ಬೀಳುತ್ತವೆ, ಹೊರಗೆ ತೆಗೆದಿಟ್ಟ ಕೂಡಲೇ ಆ ಗುಳಿಗಳಿಂದಲೇ ಕೊಳೆಯತೊಡಗುತ್ತದೆ. ಬಟ್ಟೆಯಲ್ಲಿ ಸುತ್ತಿ ಕೆಳಗಿನ ತರಕಾರಿ ಡಬ್ಬಿಯಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸುವುದು ವಾಸಿ.

ಮೈಸೂರಿನ ಬೀದಿಗಳಲ್ಲಿ ತರಕಾರಿ ಮಾರುವವರಿಗೆ ಈ ಘಟ್ಟ ಚೆನ್ನಾಗಿ ಗೊತ್ತು. "ಅಕ್ಕ, ಇದು ಬೀಜ ಬಲ್ತೈತೆ, ಪಲ್ಯಕ್ಕೆ ಬ್ಯಾಡ, ಗೊಜ್ಜಿಗೆ ಹಾಕ್ಕೊಳಿ" ಅಂತ ಒಬ್ಬಾಕೆ ಹೇಳಿದ್ದನ್ನು ಕೇಳಿದ್ದೇನೆ. ವಿಜ್ಞಾನವೂ ಅದನ್ನೇ ಹೇಳುತ್ತದೆ, ಹೇಗೆ ಅಂತ ಸ್ವಲ್ಪ ವಿವರವಾಗಿ ನೋಡೋಣ.

ತರಕಾರಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬೇಯಿಸುವುದು ಅಂದರೆ ಬಹುಮಟ್ಟಿಗೆ ಈ ಅಂಟನ್ನು ಬಿಸಿಯಿಂದ ಸಡಿಲಿಸುವುದು. ಹಣ್ಣಾಗುವಾಗ ಕಾಯಿಯ ಕಿಣ್ವಗಳೇ ಈ ಕೆಲಸವನ್ನು ಮುಂಚಿತವಾಗಿ ಶುರು ಮಾಡಿರುತ್ತವೆ. ಇನ್ನು ಹುಳಿ ಇದಕ್ಕೆ ತದ್ವಿರುದ್ಧ: ಹುಣಿಸೆ ರಸದಂಥ ಆಮ್ಲದಲ್ಲಿ ಪೆಕ್ಟಿನ್ ಬೇಗ ಸಡಿಲವಾಗುವುದಿಲ್ಲ. ಬಲಿತ ಕಾಯನ್ನು ಹಸಿಯಾಗಿ ಹುಳಿನೀರಿಗೆ ಹಾಕಿದರೆ ಎಷ್ಟು ಕುದಿಸಿದರೂ ಅದು ಗಟ್ಟಿಯಾಗಿಯೇ ಇರುವುದು ಇದಕ್ಕೇ.

ಈಗ ಅರ್ಧ ಕೆ.ಜಿ. ಕಾಯಿ ಗೊಜ್ಜಿಗೆ ಇದೆ ಅನ್ನಿ. ಸೀಳಿ ಎರಡು ಪಾಲು ಮಾಡಿ: ಬೀಜ ಬೆಳ್ಳಗಿರುವವು ಒಂದು ಕಡೆ, ಬೀಜ ಕೆಂಪಾಗಿರುವವು ಇನ್ನೊಂದು ಕಡೆ. ಎರಡರಲ್ಲೂ ಗಟ್ಟಿ ಬೀಜ ತೆಗೆದುಹಾಕಿ. ಬಿಳಿ ಬೀಜದ ಪಾಲನ್ನು ಹೆಚ್ಚಿ ಉಪ್ಪು, ಅರಿಶಿನ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಹಿಂಡಿ, ಮೂರು ನಾಲ್ಕು ಚಮಚ ಎಣ್ಣೆಯಲ್ಲಿ ಒಗ್ಗರಣೆ ಮಾಡಿ ಅಂಚು ಕಂದಾಗುವವರೆಗೆ ಹುರಿಯಿರಿ. ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ಚೂರೊಂದನ್ನು ಸೌಟಿನಲ್ಲಿ ಒತ್ತಿದರೆ ಬಗ್ಗಬೇಕು. ಬಗ್ಗುವವರೆಗೆ ಹುಳಿ ಹಾಕಬೇಡಿ. ಆಮೇಲೆ ನಿಂಬೆಹಣ್ಣಿನ ಗಾತ್ರದ ಹುಣಿಸೆಯ ರಸ, ಎರಡು ಚಮಚ ಸಾರಿನ ಪುಡಿ, ಉಪ್ಪು. ಅದು ಕುದಿ ಬಂದ ಮೇಲೆ ಕೆಂಪು ಬೀಜದ ಪಾಲನ್ನು ಹಾಕಿ. ಅದನ್ನು ಹಿಂಡಬಾರದು, ಮುದ್ದೆಯಾಗುತ್ತದೆ. ಹುರಿಯಲೂ ಬೇಡ, ಬಾಣಲೆಗೆ ಅಂಟಿ ಹರಿಯುತ್ತದೆ. ಹುಳಿನೀರಲ್ಲೇ ಬೇಯುವುದರಿಂದ ಚೂರು ಚೂರಾಗಿ ನಿಲ್ಲುತ್ತದೆ, ಐದಾರು ನಿಮಿಷ ಸಾಕು. ಕೊನೆಗೆ ಬೆಲ್ಲ ಮತ್ತು ಹುರಿದು ಪುಡಿ ಮಾಡಿದ ಎಳ್ಳು, ಕೊಬ್ಬರಿ. ನೂರು ಗ್ರಾಂ ಬೆಲ್ಲ ಹಾಕುವ ರೂಢಿ ಇದ್ದರೆ ಮೊದಲು ಮುಕ್ಕಾಲು ಪಾಲು ಹಾಕಿ ರುಚಿ ನೋಡಿ. ಬೆಲ್ಲ ಕಹಿಯನ್ನು ಕರಗಿಸುವುದಿಲ್ಲ, ಮರೆಮಾಡುತ್ತದೆ. ಮರೆಮಾಡಲು ಎಷ್ಟು ಕಹಿ ಉಳಿದಿದೆ ಅನ್ನುವುದು ಆ ದಿನದ ಕಾಯಿಯ ಮೇಲೆ ನಿಂತಿದೆ. ಸೇರಿಗೆ ಇಷ್ಟು ಬೆಲ್ಲ ಅಂತ ಬರೆದಿಟ್ಟುಕೊಂಡ ಲೆಕ್ಕ ಹಾಗಲಕ್ಕೆ ಒಗ್ಗದು.

ಹಳದಿಯಾದದ್ದೆಲ್ಲ ಹಣ್ಣಲ್ಲ ಅನ್ನುವುದನ್ನೂ ಹೇಳಬೇಕು. ಹಣ್ಣುನೊಣ ಎಳೆಗಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ, ಒಳಗೆ ಹುಳು ಆದ ಮೇಲೆ ಕಾಯಿ ಅಕಾಲದಲ್ಲಿ ಹಳದಿಯಾಗುತ್ತದೆ. ಗುರುತಿಸುವುದು ಕಷ್ಟವಲ್ಲ. ಕಾಯಿ ಪೂರ್ತಿ ಬೆಳೆದಿರುವುದಿಲ್ಲ, ಒಂದು ಕಡೆ ಸೊಟ್ಟಗಾಗಿರುತ್ತದೆ, ಹಳದಿ ತುದಿಯಿಂದ ಹತ್ತದೆ ಎಲ್ಲೋ ನಡುವೆ ಪಟ್ಟೆ ಪಟ್ಟೆಯಾಗಿರುತ್ತದೆ. ಹುಡುಕಿದರೆ ಸೂಜಿಮೊನೆಯಷ್ಟು ತೂತು, ಅದರ ಬಾಯಲ್ಲಿ ಒಣಗಿದ ಅಂಟು. ಸೀಳಿದರೆ ಬೀಜ ಇನ್ನೂ ಬಿಳಿ, ಸುತ್ತ ಕೊಳೆತ ನೀರು. ಹಳದಿ ಸಿಪ್ಪೆ, ಬಿಳಿ ಬೀಜ ಎರಡೂ ಒಟ್ಟಿಗೆ ಕಂಡರೆ ಬಿಸಾಡಿ.

ಪೂರ್ತಿ ಕಿತ್ತಳೆಯಾದ ಹಣ್ಣು ತುದಿಯಿಂದ ಮೂರು ಹೋಳಾಗಿ ಬಿರಿದು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಒಳಗಿನ ಕೆಂಪು ಬೀಜಗಳು ಹಕ್ಕಿಗಳ ಕಣ್ಣಿಗೆ ಬೀಳಲಿ ಅಂತ. ಆ ಕೆಂಪು ತಿರುಳು ಸಿಹಿ, ಚೀಪಿ ತಿನ್ನಬಹುದು, ಹಳ್ಳಿ ಮಕ್ಕಳಿಗೆ ಗೊತ್ತಿರುವ ಸಂಗತಿ. ಬಲಿತ ಬೀಜವನ್ನು ಮಾತ್ರ ಅಗಿಯದೆ ಉಗಿಯಬೇಕು. ಅದರಲ್ಲಿ ಜೀವಕೋಶಗಳ ಪ್ರೋಟೀನ್ ತಯಾರಿಕೆಯನ್ನೇ ತಡೆಯುವ ವಸ್ತುಗಳಿವೆ, ವಿಸಿನ್ ಅನ್ನುವ ಇನ್ನೊಂದೂ ಇದೆ. ರಕ್ತಕಣಗಳನ್ನು ಕಾಯುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಿಗೆ ಈ ವಿಸಿನ್ ರಕ್ತಕಣ ಒಡೆಯುವ ಅಪಾಯ ತರಬಲ್ಲದು. ಕಿತ್ತಳೆ ಗೋಡೆ ಅಡುಗೆಗೆ ಬರುವುದಿಲ್ಲ. ಬಾಣಲೆಗೆ ಬಿದ್ದ ಕೂಡಲೇ ಲೋಳೆಯಾಗುತ್ತದೆ, ಗೊಜ್ಜಿನಲ್ಲೂ ನಿಲ್ಲದು.

ಈ ಹಣ್ಣಿನ ಉಪಯೋಗ ಬೀಜಕ್ಕೆ. ಹಂದರದಲ್ಲಿ ಒಂದೆರಡನ್ನು ಬಿಟ್ಟರೆ ಸಾಕು, ಜಾಸ್ತಿ ಬಿಟ್ಟರೆ ಬಳ್ಳಿ ಹೊಸ ಕಾಯಿ ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಪೂರ್ತಿ ಹಳದಿಯಾಗಿ ಇನ್ನೂ ಬಿರಿಯದ ಹಣ್ಣನ್ನು ಕೀಳಿ, ಬಿರಿದ ಮೇಲೆ ಹೋದರೆ ಹಕ್ಕಿಗಳು ಮೊದಲೇ ಬಂದು ಹೋಗಿರುತ್ತವೆ. ಕೆಂಪು ತಿರುಳನ್ನು ತೊಳೆದು ತೆಗೆದು, ಬೀಜವನ್ನು ನೆರಳಲ್ಲಿ ಒಣಗಿಸಿಡಿ. ಬಿತ್ತುವ ಹಿಂದಿನ ರಾತ್ರಿ ನೆನೆಹಾಕಿದರೆ ಗಟ್ಟಿ ಸಿಪ್ಪೆ ನೀರು ಹೀರಿಕೊಳ್ಳುತ್ತದೆ. ಬಳ್ಳಿ ಹೈಬ್ರಿಡ್ ಆಗಿದ್ದರೆ ಮಾತ್ರ ಆ ಬೀಜದಿಂದ ಅದೇ ಥರದ ಕಾಯಿ ಬರುವ ಭರವಸೆ ಇಲ್ಲ. ನಾಟಿ ಹಾಗಲ ಅಥವಾ ಅರ್ಕಾ ಹರಿತ್‌ನಂಥ ಹೈಬ್ರಿಡ್ ಅಲ್ಲದ ತಳಿಯಾದರೆ, ಹತ್ತಿರದಲ್ಲಿ ಬೇರೆ ಹಾಗಲದ ಬಳ್ಳಿ ಇಲ್ಲದಿದ್ದರೆ, ಮುಂದಿನ ವರ್ಷಕ್ಕೂ ಅದೇ ಕಾಯಿ.