ಓದುಗರ ಪ್ರಶ್ನೆ: ಗ್ರಾಫಿನ ತಿರುವು ದುಂಡಗೆ ಬಂದರೆ V₁ ಅನ್ನು ಎಲ್ಲಿ ಓದಬೇಕು?

ಪ್ರಶ್ನೆ: ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೊದಲ ವರ್ಷದಲ್ಲಿದ್ದೇನೆ. ಲ್ಯಾಬಿನಲ್ಲಿ HCl ಮತ್ತು ಅಸಿಟಿಕ್ ಆಮ್ಲದ ಮಿಶ್ರಣಕ್ಕೆ NaOH ಹಾಕಿ ಕಂಡಕ್ಟೊಮೆಟ್ರಿಕ್ ಟೈಟ್ರೇಷನ್ ಮಾಡಿದೆವು. ಪುಸ್ತಕದ ಚಿತ್ರದಲ್ಲಿ ಎರಡು ಚೂಪಾದ ಮೂಲೆಗಳಿವೆ, ನನ್ನ ಗ್ರಾಫಿನಲ್ಲಿ ಮೊದಲ ತಿರುವು ಬಟ್ಟಲಿನ ತಳದ ಹಾಗೆ ದುಂಡಗಾಗಿದೆ. ಅತಿ ಕಡಿಮೆ ರೀಡಿಂಗ್ ಬಂದ ಜಾಗವನ್ನೇ HCl ಮುಗಿಯುವ ಬಿಂದು V₁ ಎಂದು ತೆಗೆದುಕೊಳ್ಳಬಹುದೇ? ದುರ್ಬಲ ಆಮ್ಲದ ಲೆಕ್ಕಕ್ಕೆ ಎರಡನೇ ತಿರುವಿನ V₂ ಹಾಕಬೇಕೋ, V₂ − V₁ ಹಾಕಬೇಕೋ?

ಉತ್ತರ: ಅತಿ ಕಡಿಮೆ ರೀಡಿಂಗ್ ಇರುವ ಜಾಗವನ್ನು ತೆಗೆದುಕೊಳ್ಳಬೇಡಿ. ತಿರುವಿನಿಂದ ದೂರವಿರುವ ಬಿಂದುಗಳ ಮೇಲೆ ಸರಳರೇಖೆಗಳನ್ನು ಎಳೆದು, ಅವು ಒಂದನ್ನೊಂದು ಕತ್ತರಿಸುವ ಜಾಗವನ್ನು ಓದಿ. ದುರ್ಬಲ ಆಮ್ಲದ ಲೆಕ್ಕಕ್ಕೆ V₂ − V₁ ಹಾಕಿ. ನಿಮ್ಮ ಮೊದಲ ತಿರುವು ದುಂಡಗೆ ಬಂದದ್ದು ನಿಮ್ಮ ತಪ್ಪಲ್ಲ, ಆ ಮಿಶ್ರಣದಲ್ಲಿ ಅದು ಹಾಗೆಯೇ ಬರಬೇಕು. ಯಾಕೆ ಅಂತ ಒಂದು ಲೆಕ್ಕದ ಮೂಲಕವೇ ನೋಡೋಣ.

ಬೀಕರಿನಲ್ಲಿ 50 ಮಿ.ಲೀ. ಮಿಶ್ರಣವಿದೆ ಎಂದುಕೊಳ್ಳಿ. ಅದರಲ್ಲಿ HCl 0.02 M, ಅಸಿಟಿಕ್ ಆಮ್ಲ 0.03 M. ಬ್ಯುರೆಟ್ಟಿನಲ್ಲಿ 0.5 M NaOH. ಹಾಗಾದರೆ ನಿಜವಾದ V₁ 2.00 ಮಿ.ಲೀ., V₂ 5.00 ಮಿ.ಲೀ. ಕೆಳಗಿನ ವಾಹಕತೆಗಳನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ತೆಳುವಾದ ದ್ರಾವಣಕ್ಕೆ ಅನ್ವಯಿಸುವ ಅಯಾನು ವಾಹಕತೆಗಳಿಂದ, ಗಾತ್ರದ ತಿದ್ದುಪಡಿಯನ್ನೂ ಸೇರಿಸಿ ಲೆಕ್ಕ ಹಾಕಿದ್ದು. ನಿಮ್ಮ ಮೀಟರು ಇದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಆದರೆ ಗ್ರಾಫಿನ ಆಕಾರ ಇದೇ.

| NaOH, ಮಿ.ಲೀ. | ವಾಹಕತೆ, ಮಿಲಿಸೀಮೆನ್ಸ್/ಸೆಂ.ಮೀ. |
|---|---|
| 0.0 | 8.53 |
| 0.5 | 7.04 |
| 1.0 | 5.55 |
| 1.6 | 3.78 |
| 1.8 | 3.22 |
| 2.0 | 2.81 |
| 2.2 | 2.80 |
| 2.4 | 2.94 |
| 3.0 | 3.45 |
| 3.5 | 3.90 |
| 4.0 | 4.35 |
| 4.5 | 4.80 |
| 5.5 | 6.50 |
| 6.0 | 7.74 |
| 6.5 | 8.98 |

ಅತಿ ಕಡಿಮೆ ರೀಡಿಂಗ್ ಇರುವುದು 2.2ರಲ್ಲಿ, ನಿಜವಾದ ಬಿಂದು 2.0ರಲ್ಲಿ. ಇಲ್ಲಿ ಯಾರ ಕೈಯೂ ತಪ್ಪಿಲ್ಲ, ಯಾವ ಮೀಟರೂ ಕೆಟ್ಟಿಲ್ಲ. ಬರೀ ಲೆಕ್ಕದಲ್ಲೇ ತಳಭಾಗ ಬಲಕ್ಕೆ ಸರಿದುಕೊಂಡಿದೆ.

ಕಾರಣ ಹೀಗಿದೆ. ಮೊದಲ ಭಾಗದಲ್ಲಿ NaOH ಹಾಕಿದಷ್ಟೂ ಹೈಡ್ರೋಜನ್ ಅಯಾನು ಹೋಗಿ, ಅದರ ಜಾಗಕ್ಕೆ ಸೋಡಿಯಂ ಅಯಾನು ಬರುತ್ತದೆ. ಹೈಡ್ರೋಜನ್ ಅಯಾನಿನ ಮೋಲಾರ್ ವಾಹಕತೆ ಸುಮಾರು 350, ಸೋಡಿಯಮ್ಮಿನದು 50. ಅದಕ್ಕೇ ರೇಖೆ ಕಡಿದಾಗಿ ಇಳಿಯುತ್ತದೆ. ಇಷ್ಟು ಹೊತ್ತು ಅಸಿಟಿಕ್ ಆಮ್ಲ ಸುಮ್ಮನಿರುತ್ತದೆ, ಯಾಕೆಂದರೆ HCl ಕೊಟ್ಟ ಹೈಡ್ರೋಜನ್ ಅಯಾನುಗಳು ಅದು ಒಡೆಯದಂತೆ ತಡೆಯುತ್ತವೆ. HCl ಮುಗಿಯುತ್ತಾ ಬಂದಂತೆ ಆ ತಡೆ ಸಡಿಲಾಗುತ್ತದೆ. ಸರಿಯಾಗಿ 2.00 ಮಿ.ಲೀ.ನಲ್ಲಿ HCl ಪೂರ್ತಿ ಖಾಲಿ, ಆದರೆ ಅಸಿಟಿಕ್ ಆಮ್ಲ ತಾನಾಗಿಯೇ ಒಡೆದು ಸುಮಾರು 0.0007 M ಹೈಡ್ರೋಜನ್ ಅಯಾನನ್ನು ಕೊಟ್ಟಿರುತ್ತದೆ. ಪ್ರಮಾಣ ಚಿಕ್ಕದು, ಆದರೆ ಅಯಾನು ವೇಗದ್ದು. ಹೀಗಾಗಿ 2.53 ಇರಬೇಕಾದ ಕಡೆ ವಾಹಕತೆ 2.81ಕ್ಕೆ ಏರಿ ನಿಲ್ಲುತ್ತದೆ. ಇನ್ನೊಂದಿಷ್ಟು NaOH ಬಿದ್ದು ಅಸಿಟೇಟ್ ಹುಟ್ಟಿಕೊಂಡ ಮೇಲೆ ಈ ಹೈಡ್ರೋಜನ್ ಅಯಾನುಗಳೂ ಅಡಗುತ್ತವೆ, ಆದ್ದರಿಂದ V₁ ದಾಟಿದ ಮೇಲೂ ರೀಡಿಂಗ್ ಸ್ವಲ್ಪ ದೂರ ಇಳಿಯುತ್ತಲೇ ಇರುತ್ತದೆ.

ಅಂದರೆ ದುಂಡಗಾದ ಜಾಗದ ಬಿಂದುಗಳು ಪ್ರಬಲ ಆಮ್ಲದ ಕಥೆಯನ್ನೂ ಹೇಳುವುದಿಲ್ಲ, ದುರ್ಬಲ ಆಮ್ಲದ ಕಥೆಯನ್ನೂ ಪೂರ್ತಿ ಹೇಳುವುದಿಲ್ಲ. ರೇಖೆ ಎಳೆಯುವಾಗ 1.6ರಿಂದ 2.4ರವರೆಗಿನ ಬಿಂದುಗಳನ್ನು ಗ್ರಾಫಿನಲ್ಲಿ ಗುರುತಿಸಿ, ಆದರೆ ರೇಖೆಯನ್ನು ಅವುಗಳ ಮೇಲೆ ಹಾಯಿಸುವ ಒತ್ತಾಯ ಮಾಡಬೇಡಿ. ಮೊದಲ ರೇಖೆಗೆ 0, 0.5, 1.0 ಸಾಕು. ಎರಡನೆಯದಕ್ಕೆ 3.0ರಿಂದ 4.5, ಮೂರನೆಯದಕ್ಕೆ 5.5ರಿಂದ 6.5. ಮೂರನ್ನೂ ಸ್ಕೇಲಿನಿಂದ ಎರಡೂ ಕಡೆ ಚಾಚಿ. κ ಎಂದರೆ ವಾಹಕತೆ, V ಎಂದರೆ ಹಾಕಿದ NaOH. ಲೆಕ್ಕದಲ್ಲಿ ಹೇಳುವುದಾದರೆ:

```
L1:  κ = 8.53 − 2.98 V
L2:  κ = 0.75 + 0.90 V
L3:  κ = −7.14 + 2.48 V

L1 = L2:  7.78 = 3.88 V  →  V1 = 2.01
L2 = L3:  7.89 = 1.58 V  →  V2 = 4.99
```

ಇನ್ನು ಕಳೆಯುವ ಪ್ರಶ್ನೆ. ಬ್ಯುರೆಟ್ಟಿನ ರೀಡಿಂಗ್ ಶುರುವಿನಿಂದ ಓಡುತ್ತಾ ಬಂದದ್ದು. 4.99 ಮಿ.ಲೀ.ನಲ್ಲಿ ಮೊದಲ 2.01 ಮಿ.ಲೀ. HCl ಪಾಲಿಗೆ ಹೋಗಿದೆ, ಉಳಿದ 2.98 ಮಾತ್ರ ಅಸಿಟಿಕ್ ಆಮ್ಲದ್ದು. ಹಾಗಾಗಿ HCl: 2.01 × 0.5 ÷ 50 = 0.0201 M, ಲೀಟರಿಗೆ 0.73 ಗ್ರಾಂ. ಅಸಿಟಿಕ್ ಆಮ್ಲ: 2.98 × 0.5 ÷ 50 = 0.0298 M, ಲೀಟರಿಗೆ 1.79 ಗ್ರಾಂ. ಕಳೆಯದೆ 4.99 ಹಾಕಿಬಿಟ್ಟರೆ 0.0499 M ಬರುತ್ತದೆ, ಇರುವುದಕ್ಕಿಂತ ಮೂರನೇ ಎರಡರಷ್ಟು ಹೆಚ್ಚು.

ಈ ಕಳೆಯುವಿಕೆಯಿಂದ ಇನ್ನೊಂದು ಪರಿಣಾಮವಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. V₁ನಲ್ಲಿ ಆದ ತಪ್ಪು ಎರಡೂ ಉತ್ತರಗಳಿಗೆ ವಿರುದ್ಧ ದಿಕ್ಕಿನಲ್ಲಿ ಹಂಚಿಕೆಯಾಗುತ್ತದೆ. ಕೋಷ್ಟಕದ ಅತಿ ಕಡಿಮೆ ರೀಡಿಂಗ್ ನಂಬಿ V₁ 2.20 ಎಂದು ಬರೆದರೆ HCl ಶೇ 10 ಹೆಚ್ಚು ಬರುತ್ತದೆ, ಅಸಿಟಿಕ್ ಆಮ್ಲ ಶೇ 7ರಷ್ಟು ಕಡಿಮೆ. ಒಟ್ಟು ಆಮ್ಲ ಮಾತ್ರ ಸರಿಯಾಗಿಯೇ ಇರುತ್ತದೆ. ನಿಮ್ಮ ಬ್ಯಾಚಿನಲ್ಲಿ ಎಲ್ಲರ ಒಟ್ಟು ಮೊತ್ತ ಹೊಂದಿಕೊಂಡು, ಎರಡು ಬಿಡಿ ಉತ್ತರಗಳು ಮಾತ್ರ ಹೊಂದದಿದ್ದರೆ NaOHನ ಸಾಂದ್ರತೆಯನ್ನು ಅನುಮಾನಿಸಬೇಡಿ, ಮೊದಲ ರೇಖೆಯನ್ನು ಮತ್ತೊಮ್ಮೆ ಎಳೆಯಿರಿ.

ಎರಡನೇ ತಿರುವು ನೋಡಲು ಚೂಪಾಗಿ ಕಾಣುತ್ತದೆ, ಆದರೆ ನಿಜವಾಗಿ ಹೆಚ್ಚು ಎಚ್ಚರ ಬೇಕಾದದ್ದು ಅಲ್ಲೇ. ಮೊದಲ ಜಾಗದಲ್ಲಿ ಇಳಿಯುವ ರೇಖೆ ಏರುವ ರೇಖೆಯನ್ನು ಕತ್ತರಿಸುತ್ತದೆ, ಇಳಿಜಾರುಗಳ ವ್ಯತ್ಯಾಸ 3.88. ಎರಡನೇ ಜಾಗದಲ್ಲಿ ಎರಡೂ ರೇಖೆಗಳು ಏರುವಂಥವೇ, ವ್ಯತ್ಯಾಸ ಬರೀ 1.58. ರೇಖೆ 0.05ರಷ್ಟು ಮೇಲೆ ಕೆಳಗೆ ಆದರೆ V₁ ಸರಿಯುವುದು 0.013 ಮಿ.ಲೀ., V₂ ಸರಿಯುವುದು 0.03 ಮಿ.ಲೀ. ಆದ್ದರಿಂದ V₂ ದಾಟಿದ ತಕ್ಷಣ ಟೈಟ್ರೇಷನ್ ನಿಲ್ಲಿಸಬೇಡಿ. ವಾಹಕತೆ ಜೋರಾಗಿ ಏರತೊಡಗಿದ ಮೇಲೆ ಕನಿಷ್ಠ ನಾಲ್ಕು ರೀಡಿಂಗ್ ತೆಗೆದುಕೊಳ್ಳಿ. ಎರಡೇ ಬಿಂದುಗಳಿಂದ ಎಳೆದ ಮೂರನೇ ರೇಖೆ ಆ ಎರಡರ ತಪ್ಪನ್ನು ಹಾಗೇ ಹೊತ್ತುಕೊಂಡು ಬರುತ್ತದೆ.

ರೇಖೆಗಳೇ ಬಾಗಿದ್ದರೆ ಮೊದಲು ನೋಡಬೇಕಾದದ್ದು ಗಾತ್ರ. ಬ್ಯುರೆಟ್ಟಿನಲ್ಲಿ 0.5 M ಬದಲು 0.1 M ಇದ್ದಿದ್ದರೆ V₂ 25 ಮಿ.ಲೀ. ಆಗುತ್ತಿತ್ತು, ಬೀಕರಿನಲ್ಲಿ 50 ಇದ್ದದ್ದು 75 ಆಗಿ ರೀಡಿಂಗ್ ಮೂರನೇ ಒಂದರಷ್ಟು ತೆಳುವಾಗುತ್ತಿತ್ತು. ಅಂಥ ಗ್ರಾಫಿನಲ್ಲಿ ಮಧ್ಯದ ರೇಖೆ ಏರುತ್ತದಾದರೂ ಏರಿಕೆ ಕಡಿಮೆಯಾಗಿ, ರೇಖೆ ಬಾಗಿ ಕಾಣುತ್ತದೆ. ಪ್ರತಿ ರೀಡಿಂಗನ್ನು (50 + V) ÷ 50ರಿಂದ ಗುಣಿಸಿ ಗ್ರಾಫ್ ಹಾಕಿದರೆ ರೇಖೆಗಳು ನೆಟ್ಟಗಾಗುತ್ತವೆ. ಸೆಲ್ ಮುಳುಗಲೆಂದು 25 ಮಿ.ಲೀ. ನೀರು ಸೇರಿಸಿದ್ದರೆ ಇಲ್ಲಿ 50ರ ಬದಲು 75 ಬರೆಯಬೇಕು.

ಆ ನೀರು ಡಿಸ್ಟಿಲ್ಡ್ ವಾಟರೇ ಆಗಿರಬೇಕು. ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ ನೀರು, ಅದರಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಬೈಕಾರ್ಬೊನೇಟ್ ಮೊದಲು ತಿನ್ನುವುದು HClಅನ್ನೇ. ನೀರಿನ ಕ್ಷಾರೀಯತೆ ಲೀಟರಿಗೆ 300 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ ಎಂದುಕೊಳ್ಳಿ. ಅಂಥ ನೀರನ್ನು 25 ಮಿ.ಲೀ. ಸೇರಿಸಿದರೆ 0.15 ಮಿಲಿಮೋಲ್ ಆಮ್ಲ ಅಲ್ಲಿಗೇ ಹೋಯಿತು, V₁ 2.00ರಿಂದ 1.70ಕ್ಕೆ ಇಳಿಯಿತು. ಬೀಕರಿನಲ್ಲಿ ಉಳಿದುಕೊಂಡ ಕಾರ್ಬಾನಿಕ್ ಆಮ್ಲ ಕೊನೆಗೆ NaOH ಬೇಡುವುದರಿಂದ V₂ ಹತ್ತಿರದ ಮೂಲೆಯೂ ಮಸುಕಾಗುತ್ತದೆ. ಗಾಳಿಗೆ ತೆರೆದಿಟ್ಟ ಹಳೇ NaOHನಲ್ಲಿ ಕಾರ್ಬೊನೇಟ್ ಸೇರಿಕೊಂಡಿದ್ದರೂ ಎರಡನೇ ಮೂಲೆಗೆ ಇದೇ ಗತಿ. V₁ ಸುತ್ತ ದುಂಡಗಾಗುವುದು ಸಹಜ. V₂ ಸುತ್ತ ಎದ್ದು ಕಾಣುವಷ್ಟು ದುಂಡಗಾದರೆ ಮಾತ್ರ ಕಾರ್ಬೊನೇಟನ್ನು ಹುಡುಕಬೇಕು.

ಒಂದೇ ಒಂದು ಬಿಂದು ರೇಖೆ ಬಿಟ್ಟು ಆಚೆ ಬಿದ್ದಿದ್ದರೆ ಅದು ಸಾಮಾನ್ಯವಾಗಿ ಕಲಕದೆ ಓದಿದ್ದು, ಇಲ್ಲವೇ ಸೆಲ್ಲಿನ ಪ್ಲಾಟಿನಂ ತಗಡುಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡದ್ದು. NaOH ಹಾಕಿ, ಕಲಕಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ.

ರೇಖೆಗಳನ್ನು ಚಾಚುವ ಈ ವಿಧಾನಕ್ಕೂ ಒಂದು ಮಿತಿ ಇದೆ. ನಮ್ಮ ಲೆಕ್ಕದಲ್ಲಿ V₁ ಹತ್ತಿರ ಅಸಿಟಿಕ್ ಆಮ್ಲ ಕೊಟ್ಟ ಹೈಡ್ರೋಜನ್ ಅಯಾನು ಶುರುವಿನ HClನ ಶೇ 4ಕ್ಕಿಂತ ಕಡಿಮೆ, ಆದ್ದರಿಂದ ಎರಡೂ ಕಡೆ ನೆಟ್ಟಗಿನ ಭಾಗ ಧಾರಾಳವಾಗಿ ಸಿಕ್ಕಿತು. ಅದೇ ಸಾಂದ್ರತೆಯ ಕ್ಲೋರೋಅಸಿಟಿಕ್ ಆಮ್ಲ ಇದ್ದಿದ್ದರೆ ಆ ಪಾಲು ಮೂರನೇ ಒಂದರ ಹತ್ತಿರ ಬರುತ್ತಿತ್ತು. ಅಸಿಟಿಕ್ ಆಮ್ಲವೇ ಇದ್ದು HCl 0.002 Mಗೆ ಇಳಿದಿದ್ದರೂ ಅಷ್ಟೇ. ಆಗ ಮೊದಲ ರೇಖೆ ನೆಟ್ಟಗಾಗಲು ಜಾಗವೇ ಇರುವುದಿಲ್ಲ, ಎಲ್ಲಿ ಸ್ಕೇಲ್ ಇಟ್ಟರೂ ಬೇರೆ ಬೇರೆ V₁ ಬರುತ್ತದೆ. ಅಂಥ ಗ್ರಾಫಿನಿಂದ V₂ ಓದಿ ಒಟ್ಟು ಆಮ್ಲವನ್ನು ವರದಿ ಮಾಡಬಹುದು, V₁ ಬರೆಯಬಾರದು.