ಗಿರಾಕಿಯ ಅನುಮಾನವನ್ನು ನಾವೇ ಜಾಹೀರಾತಿನಲ್ಲಿ ಹೇಳಿದರೆ ಹೊಸಬರಿಗೂ ಅನುಮಾನ ಬರಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ನನಗೇ ಲೆಕ್ಕವಿಲ್ಲ. ಬರಲ್ಲ ಮಾರಾಯ್ರೆ. ಅದು ಅವರಿಗೆ ಮೊದಲೇ ಬಂದಿರುತ್ತದೆ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ದೋಸೆ ಹಿಟ್ಟು ಮಾರುವ ನಮ್ಮೂರಿನ ಅಕ್ಕ ಒಬ್ಬರಿದ್ದಾರೆ. ಅವರ ವಾಟ್ಸಾಪ್‌ನಲ್ಲಿ ಒಂದು ತಿಂಗಳ ಮೆಸೇಜ್ ತೆಗೆದು, ಪ್ರಶ್ನೆಗೊಂದು ಗೆರೆ ಎಳೆಯುತ್ತಾ ಹೋದೆವು. ಎಲ್ಲಕ್ಕಿಂತ ಜಾಸ್ತಿ ಗೆರೆ ಬಿದ್ದದ್ದು ಮರಾಠಿಯ ಈ ಪ್ರಶ್ನೆಗೆ: "ಪಾಕೀಟ್ ಫುಗ್ಲಂಯ್, ಖರಾಬ್ ಝಾಲಂಯ್ ಕಾ?" ಪ್ಯಾಕೆಟ್ ಉಬ್ಬಿದೆ, ಕೆಟ್ಟಿದೆಯಾ ಅಂತ.

"ಇದನ್ನು ವಿಡಿಯೋದಲ್ಲಿ ಹೇಳಿದ್ರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತಲ್ಲಾ" ಅಂದರು ಅಕ್ಕ. ಉಬ್ಬಿದ ಪ್ಯಾಕೆಟ್ ಅಂಗಡಿಯ ಫ್ರಿಜ್‌ನಲ್ಲೇ ಕಾಣುತ್ತದೆ, ಮುಚ್ಚಿಡುವುದೇನು? ಕೇಳಿದವರಿಗೆ ಉತ್ತರ ಸಿಕ್ಕಿತು, ಕೊಂಡರು. ಕೇಳದವರು ಪ್ಯಾಕೆಟ್ ಎತ್ತಿ, ಒತ್ತಿ ನೋಡಿ, ವಾಪಸ್ ಇಟ್ಟು ಹೋದರು. ಅವರ ಮೆಸೇಜ್ ಬರುವುದಿಲ್ಲ, ಅದಕ್ಕೇ ಅವರು ಇಲ್ಲವೇ ಇಲ್ಲ ಅಂದುಕೊಳ್ಳುತ್ತೇವೆ. ಜಾಹೀರಾತು ಬೇಕಿರುವುದು ಅವರಿಗೆ. ಹಾಗಂತ ಯಾರೂ ಕೇಳದ ಅನುಮಾನ ಎತ್ತಬೇಡಿ. "ನಮ್ಮ ಅಡುಗೆಮನೆಯಲ್ಲಿ ಜಿರಲೆ ಇಲ್ಲ" ಅಂದರೆ ಮಾತ್ರ ನೀವೇ ಹೆದರಿಸಿದ ಹಾಗೆ ಆಗುತ್ತದೆ.

ಅಕ್ಕ ಮೊದಲು ಮಾಡಿಸಿದ್ದ ವಿಡಿಯೋದಲ್ಲಿ ಗಣಪತಿ, ಅಂಗಡಿ ಹೆಸರು, ಕೈಮುಗಿಯುವುದು, ಅಜ್ಜಿಯ ಕೈರುಚಿ. ಪ್ಯಾಕೆಟ್ ಬರುವಷ್ಟರಲ್ಲಿ ನೋಡುವವರು ಮುಂದೆ ಹೋಗಿರುತ್ತಾರೆ. ಎಲ್ಲ ತೆಗೆದು 15 ಸೆಕೆಂಡಿಗೆ ಇಳಿಸಿದೆವು. ಶುರುವಿಗೇ ಕೈಯಲ್ಲಿ ಉಬ್ಬಿದ ಪ್ಯಾಕೆಟ್, ಮೇಲೆ ಗಿರಾಕಿಯ ಅದೇ ಮಾತು ದೊಡ್ಡ ಅಕ್ಷರದಲ್ಲಿ. ಲೋಕಲ್ ರೈಲಿನಲ್ಲಿ ಸದ್ದು ಆಫ್ ಮಾಡಿ ನೋಡುವವರೇ ಜಾಸ್ತಿ ಅಲ್ವಾ? ಆಮೇಲೆ ಕತ್ತರಿಯಿಂದ ಮೂಲೆ ಕತ್ತರಿಸುವುದು, ಗಾಳಿ ಫುಸ್ಸೆಂದು ಹೋಗುವುದು, ಗುಳ್ಳೆ ಗುಳ್ಳೆ ಹಿಟ್ಟು, ಕಾವಲಿ ಮೇಲೆ ತೂತು ತೂತು ದೋಸೆ. ಮಾತು ಇಷ್ಟೇ: "ಹಿಟ್ಟು ಹುದುಗಿದಾಗ ಗಾಳಿ ಬರುತ್ತದೆ, ಅದಕ್ಕೇ ಉಬ್ಬಿದೆ. ತಂದ ಕೂಡಲೇ ಫ್ರಿಜ್‌ನಲ್ಲಿಡಿ. ಬಣ್ಣ ತಿರುಗಿದ್ದರೆ, ಕೆಟ್ಟ ವಾಸನೆ ಬಂದರೆ ಬದಲಿಸಿ ಕೊಡುತ್ತೇವೆ."

ಕೊನೆಯ ಸಾಲು ಬೇಡವೆಂದು ಅಕ್ಕ ಹಟ ಹಿಡಿದಿದ್ದರು. ಅದಿಲ್ಲದಿದ್ದರೆ ಉತ್ತರವೇ ಸುಳ್ಳಾಗುತ್ತದೆ. ಉಬ್ಬಿದ್ದೆಲ್ಲ ಒಳ್ಳೆಯದೇ ಅಲ್ಲವಲ್ಲ.

ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಲೈಕ್ ಎಣಿಸಬೇಡಿ. ಎರಡು ವಾರ ಬಿಟ್ಟು ಮತ್ತೆ ಗೆರೆ ಎಳೆಯಿರಿ. ಅದೇ ಪ್ರಶ್ನೆ ಅಷ್ಟೇ ಬರುತ್ತಿದ್ದರೆ ಉತ್ತರ ಕಣ್ಣಿಗೆ ಕಂಡಿಲ್ಲ ಅಂತ ಅರ್ಥ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇದೇ ವಿಡಿಯೋವನ್ನು ಕನ್ನಡಕ್ಕೆ ಮಾಡಿ ನಮ್ಮವರ ಗ್ರೂಪಿಗೆ ಹಾಕುವ ಆಸೆ ಅಕ್ಕನಿಗೆ. ಸುಮ್ನೆ ದಂಡ. ನಮ್ಮವರು ಮನೆಯಲ್ಲಿ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ಬಂದದ್ದನ್ನು ಕಂಡವರು, ಉಬ್ಬಿದ್ದಕ್ಕೆ ಹೆದರುವುದಿಲ್ಲ. ಅವರು ಕೇಳುವುದು "ಅಕ್ಕಾ, ಸೋಡಾ ಹಾಕಿದ್ದೀರಾ?" ಅಂತ. ಅದಕ್ಕೆ ರಾತ್ರಿ ರುಬ್ಬಿದ ಹಿಟ್ಟಿನ ಪಾತ್ರೆಯನ್ನೂ ಬೆಳಗ್ಗೆಯ ಅದೇ ಪಾತ್ರೆಯನ್ನೂ ಪಕ್ಕಪಕ್ಕ ತೋರಿಸಬೇಕು.